ಕಾಲು ಮೇಷ್ಟ್ರ ಇನ್ನೂರೈವತ್ತು ಹೆಸರುಗಳು

ಆಸ್ಪತ್ರೆಯ ಹಿಂದಿನ ಗೇಟಿಗೆ ಎದುರಾಗಿ ನಮ್ಮ ಮೊಬೈಲ್ ಅಂಗಡಿ. ನಮ್ಮದು ಎಂದರೆ ನನ್ನ ಅಣ್ಣನದು, ದಿನವಿಡೀ ಕೂರುವವಳು ಮಾತ್ರ ನಾನು. ಇಬ್ಬರು ಗಿರಾಕಿಗಳು ಒಳಗೆ ನಿಂತರೆ ಮೂರನೆಯವರು ಮೆಟ್ಟಿಲ ಮೇಲೇ ಕಾಯಬೇಕು, ಅಷ್ಟೇ ಜಾಗ. ರೀಚಾರ್ಜು, ಹೊಸ ಸಿಮ್ಮು, ಒಡೆದ ಗಾಜು, ಕಿತ್ತುಹೋದ ಚಾರ್ಜರ್ ತಂತಿ, ಇವೇ ನನ್ನ ಪ್ರಪಂಚ. ಗೇಟಿನಿಂದ ಬರುವವರು ಅವಸರದವರು. ಒಳಗೆ ಯಾರೋ ಮಲಗಿರುತ್ತಾರೆ, ಹೊರಗೆ ಯಾರಿಗೋ ಸುದ್ದಿ ಮುಟ್ಟಿಸಬೇಕಾಗಿರುತ್ತದೆ. ಆ ಅವಸರದವರ ನಡುವೆ ಒಂಚೂರೂ ಅವಸರವಿಲ್ಲದೆ ಬರುತ್ತಿದ್ದವರು ಕಾಲು ಮೇಷ್ಟ್ರು.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಕೃತಕ ಕಾಲು ಮಾಡುವ ಕಾರ್ಖಾನೆ ಇದೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಒಂದು ಉದ್ದ ಕೋಣೆ, ಒಂದು ಒಲೆ, ಉಜ್ಜುವ ಯಂತ್ರ, ಗೋಡೆಗೆ ಸಾಲಾಗಿ ಒರಗಿಸಿಟ್ಟ ಕಾಲುಗಳು. ಉಳಿದ ಕಾಲಿನ ತುದಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ ಅಚ್ಚು ತೆಗೆಯುವುದು, ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು ಬಟ್ಟಲು ಮಾಡುವುದು, ಅದಕ್ಕೆ ಕೊಳವೆ, ಪಾದ, ಬೆಲ್ಟು ಜೋಡಿಸುವುದು ಅವರ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ್ದರಿಂದ ಅವರ ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಖಾಯಂ ಮನೆ ಮಾಡಿತ್ತು. ಕಾಲು ತಯಾರಾದ ಮೇಲೆ ಎರಡು ಕಂಬಿಗಳ ನಡುವೆ ಜನರನ್ನು ನಿಲ್ಲಿಸಿ ನಡೆಯಲು ಕಲಿಸುವವರೂ ಅವರೇ. "ಕಾಲು ಕಟ್ಟೋದು ಅರ್ಧ ಕೆಲಸ ಕಣಮ್ಮ, ಅದು ತನ್ನದೇ ಅಂತ ಮನಸ್ಸಿಗೆ ಒಪ್ಪಿಸೋದು ಇನ್ನರ್ಧ," ಎನ್ನುತ್ತಿದ್ದರು. ಹೀಗಾಗಿ ಮೇಷ್ಟ್ರು ಎಂಬ ಹೆಸರು ನಿಂತುಬಿಟ್ಟಿತ್ತು.

ಅವರದೊಂದು ಗುಂಡಿ ಒತ್ತುವ ಹಳೆಯ ಫೋನು. ಹಿಂದಿನ ಮುಚ್ಚಳ ಸಡಿಲವಾಗಿ, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದರು. ಅದರೊಳಗಿನ ಸಿಮ್ ಕಾರ್ಡಿಗೆ ಹದಿನೇಳು ವರ್ಷ ವಯಸ್ಸು. ಈ ಅವಧಿಯಲ್ಲಿ ನಾಲ್ಕು ಫೋನು ಬದಲಾಗಿದ್ದವು, ಕಾರ್ಡು ಮಾತ್ರ ಅದೇ. ಅವರಿಗೆ ಪರಿಚಯದವರ ನಂಬರೆಲ್ಲ ಅದರಲ್ಲೇ ಉಳಿಸುವ ಅಭ್ಯಾಸ. "ಫೋನು ಬಾಡಿಗೆ ಮನೆ ಇದ್ದ ಹಾಗೆ, ಇವತ್ತಿದೆ ನಾಳೆ ಇಲ್ಲ. ಕಾರ್ಡು ಹಾಗಲ್ಲ, ನನ್ನ ಜೊತೆಗೇ ಬರುತ್ತೆ," ಎಂಬುದು ಅವರ ವಾದ. ಹಿಂದಿನ ಕಾಲಕ್ಕೆ ಆ ವಾದ ತಪ್ಪೂ ಅಲ್ಲ. ಹೊಸ ಫೋನಿಗೆ ಕಾರ್ಡು ಹಾಕಿದ ತಕ್ಷಣ ಹೆಸರುಗಳೆಲ್ಲ ತಾವಾಗಿ ಕಾಣಿಸಿಕೊಳ್ಳುತ್ತಿದ್ದವು.

ಆ ಕಾರ್ಡಿನಲ್ಲಿ ಹಿಡಿಯುತ್ತಿದ್ದದ್ದು ಇನ್ನೂರೈವತ್ತು ಹೆಸರು. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ಇಂಗ್ಲಿಷ್ ಅಕ್ಷರದ ಜಾಗ, ಒಂದೇ ನಂಬರು. ಅಷ್ಟರಲ್ಲೇ ಅವರು ಜಗತ್ತನ್ನು ಅಡಗಿಸಿದ್ದರು. ಯಾರ ಹೆಸರೂ ಹೆಸರಾಗಿ ಇರಲಿಲ್ಲ. 'ಎಡ ದರ್ಜಿ'. 'ಬಲ ಬಸ್ಸು'. 'ಎರಡೂ ಸಕ್ಕರೆ'. ಎಡಗಾಲಿಲ್ಲದ ದರ್ಜಿ, ಬಸ್ಸಿನಡಿ ಬಲಗಾಲು ಹೋದವನು, ಸಕ್ಕರೆ ಕಾಯಿಲೆಗೆ ಎರಡೂ ಕಾಲು ಕಳೆದುಕೊಂಡ ಹೆಂಗಸು, ಹೀಗೆ. ಒಮ್ಮೆ ಅವರ ಹೆಂಡತಿ ಅಂಗಡಿಗೆ ಬಂದವರು ನಗುತ್ತಾ ಹೇಳಿದ್ದರು, "ನನ್ನ ನಂಬರು ಅದರಲ್ಲಿಲ್ಲ ನೋಡು. ನನಗೆ ಎರಡೂ ಕಾಲಿದೆಯಲ್ಲ, ಅದಕ್ಕೆ." ಮೇಷ್ಟ್ರು ಸುಮ್ಮನೆ, "ನಿನ್ನ ನಂಬರು ಬಾಯಿಪಾಠ ಮಾರಾಯ್ತಿ, ಮರೆಯೋಣ ಅಂದ್ರೂ ಆಗಲ್ಲ," ಎಂದಿದ್ದರು.

ಕಾರ್ಡು ತುಂಬಿ ಎಷ್ಟೋ ವರ್ಷವಾಗಿತ್ತು. ಹೊಸಬರೊಬ್ಬರನ್ನು ಸೇರಿಸಬೇಕಾದರೆ ಹಳಬರೊಬ್ಬರನ್ನು ಅಳಿಸಬೇಕು. ತೀರಿಕೊಂಡವರ ನಂಬರನ್ನು ಮಾತ್ರ ಅವರು ಅಳಿಸುತ್ತಿದ್ದರು. ಅದಕ್ಕೂ ಮುಂಚೆ ಒಂದು ಸಲ ಆ ನಂಬರಿಗೆ ಫೋನು ಮಾಡಿ ಮನೆಯವರೊಂದಿಗೆ ಮಾತಾಡುತ್ತಿದ್ದರು.

ಈ ನಂಬರುಗಳಿಂದ ಅವರಿಗೇನು ಕೆಲಸ ಎಂದು ನಾನೂ ಒಮ್ಮೆ ಕೇಳಿದ್ದೆ. ಆಸ್ಪತ್ರೆಯಲ್ಲಿ ದಾಖಲೆ ಪುಸ್ತಕ ಇರುವುದಿಲ್ಲವೇ?

"ಇರುತ್ತೆ. ಮೊದಲ ದಿನ ಬಂದಾಗ ಬರೆದ ನಂಬರು ಇರುತ್ತೆ. ಆಮೇಲೆ ಅವರು ನಂಬರು ಬದಲಾಯಿಸಿದ್ರೆ ಪುಸ್ತಕಕ್ಕೆ ಹೇಗೆ ಗೊತ್ತಾಗಬೇಕು? ಕಾಲು ಕಟ್ಟಿಸಿಕೊಂಡವರು ಚೆನ್ನಾಗಿದ್ರೆ ಫೋನ್ ಮಾಡಲ್ಲ, ಸರಿ. ಚೆನ್ನಾಗಿಲ್ಲದಿದ್ರೂ ಮಾಡಲ್ಲ! ತಮ್ಮದೇ ತಪ್ಪೇನೋ ಅಂದ್ಕೊಂಡು ಕಾಲು ಬಿಚ್ಚಿ ಮೂಲೆಗಿಟ್ಟು ಊರುಗೋಲು ಹಿಡೀತಾರೆ. ಅದಕ್ಕೆ ನಾನೇ ಕೇಳ್ತಿರಬೇಕು. ದಿನಕ್ಕೆ ಒಬ್ಬರೋ ಇಬ್ಬರೋ, ಊಟ ಆದ ಮೇಲೆ. ಬಟ್ಟಲು ಸಡಿಲ ಆಯ್ತಾ, ಚರ್ಮ ಕೆಂಪಾಯ್ತಾ ಅಂತ. ಮಕ್ಕಳಿದ್ರಂತೂ ಮರೆಯೋ ಹಾಗೇ ಇಲ್ಲ. ಅವು ಬೆಳೀತಾವೆ, ನಾನು ಕಟ್ಟಿದ್ದು ಬೆಳೆಯಲ್ವಲ್ಲ."

ಹಾಗೆ ನೋಡಿದರೆ ಅವರ ಕಾರ್ಡಿನಲ್ಲಿ ಮಕ್ಕಳದು ಹೆಚ್ಚಿರಲಿಲ್ಲ, ಹತ್ತೊಂಬತ್ತೋ ಇಪ್ಪತ್ತೋ. ಅದರಲ್ಲೊಬ್ಬಳು ಗುಬ್ಬಿ. ಕಟ್ಟಡ ಕೆಲಸ ಮಾಡುವ ದಂಪತಿಯ ಮಗಳು, ನಾಲ್ಕು ವರ್ಷದವಳಿದ್ದಾಗ ಕಾಂಕ್ರೀಟು ಕಲಸುವ ಯಂತ್ರದ ಪಟ್ಟಿಗೆ ಸಿಕ್ಕಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಕಾಲು ಕಟ್ಟಿದ ಮೊದಲ ವಾರವೇ ಅವಳು ಕಂಬಿ ಬಿಟ್ಟು ಗೇಟಿನವರೆಗೆ ಕುಪ್ಪಳಿಸುತ್ತಾ ಬಂದು ನನ್ನ ಅಂಗಡಿಯಲ್ಲಿ ಫೋನಿನ ಕವರುಗಳನ್ನೆಲ್ಲ ಎಳೆದು ಹಾಕಿದ್ದಳು. ಅದನ್ನು ನೋಡಿ ಮೇಷ್ಟ್ರು ಇಟ್ಟ ಹೆಸರು ಗುಬ್ಬಿ. ಅಪ್ಪ ಅಮ್ಮ ಒಂದು ಕಟ್ಟಡ ಮುಗಿದರೆ ಇನ್ನೊಂದು ಊರಿಗೆ ಹೋಗುತ್ತಿದ್ದರು. ಅಮ್ಮನಿಗೆ ಓದು ಬರಹ ಬಾರದು. ಮೇಷ್ಟ್ರು ಆಕೆಗೆ ಹೇಳಿಬಿಟ್ಟಿದ್ದರು, "ನೀನು ಫೋನ್ ಮಾಡೋಕೆ ಒದ್ದಾಡಬೇಡ ತಾಯಿ. ನಂಬರು ಬದಲಾದ್ರೆ ಮಾತ್ರ ಯಾರ ಹತ್ರನಾದ್ರೂ ಮಾಡಿಸಿ ಹೇಳು. ಕಾಲು ಬದಲಾಯಿಸೋ ಹೊತ್ತು ಬಂದಾಗ ನಾನೇ ಕರೀತೀನಿ." ಆ ಮಾತಿನಂತೆ ಮೂರು ಸಲ ಕರೆದರು, ಮೂರು ಸಲವೂ ಅವರು ಬಂದರು.

ಕಾರ್ಡಿಗೆ ಕಾಯಿಲೆ ಶುರುವಾದದ್ದು ಬೇಸಿಗೆಯಲ್ಲಿ. ಮೇಷ್ಟ್ರು ಬಂದು ಫೋನು ಕೌಂಟರಿನ ಮೇಲಿಟ್ಟು, "ಸಿಮ್ ಹಾಕಿ ಅಂತ ತೋರಿಸ್ತಾ ಇದೆಯಮ್ಮ. ಹಾಕೇ ಇದೆಯಲ್ಲ!" ಎಂದರು. ತೆಗೆದು ನೋಡಿದೆ. ಚಿನ್ನದ ಬಣ್ಣದ ತಗಡು ಸವೆದು ಬಿಳಿಚಿತ್ತು, ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಹಾಕಿದಾಗ ಸಿಗ್ನಲ್ ಬಂತು.

"ಮೇಷ್ಟ್ರೇ, ಈ ಕಾರ್ಡು ಹೆಚ್ಚು ದಿನ ಬಾಳೋದಿಲ್ಲ. ಹೊಸದು ತಗೊಳ್ಳಿ. ನಿಮ್ಮ ನಂಬರು ಅದೇ ಇರುತ್ತೆ. ಆದರೆ ಒಳಗಿರೋ ಹೆಸರುಗಳು ಹೊಸ ಕಾರ್ಡಿಗೆ ಬರೋದಿಲ್ಲ, ಅದು ಖಾಲಿ ಬರುತ್ತೆ. ಮೊದಲು ಅವನ್ನೆಲ್ಲ ಫೋನಿಗೆ ನಕಲು ಮಾಡ್ಕೋಬೇಕು."

"ಫೋನಿಗೆ ಹಾಕಿದ್ರೆ ಕಾರ್ಡಿಂದ ಹೋಗಿಬಿಡುತ್ತಾ?"

"ಇಲ್ಲ. ನಕಲು ಅಂತ ಒಂದಿರುತ್ತೆ, ವರ್ಗಾವಣೆ ಅಂತ ಒಂದಿರುತ್ತೆ. ನಾವು ನಕಲು ಒತ್ತೋಣ. ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ. ಐದು ನಿಮಿಷದ ಕೆಲಸ."

ಅವರು ಫೋನನ್ನು ಎತ್ತಿ ಎದೆಯ ಜೇಬಿಗೆ ಹಾಕಿಕೊಂಡರು. "ಈಗ ಬೇಡಮ್ಮ. ಯಾರೋ ಕಾಯ್ತಾ ಇದ್ದಾರೆ, ಪ್ಲಾಸ್ಟರ್ ಒಣಗಿಬಿಡುತ್ತೆ. ನಾಳೆ ಬರ್ತೀನಿ."

ಆ ನಾಳೆ ಬರಲಿಲ್ಲ. ಕಾರ್ಡು ಮತ್ತೆ ಕೈಕೊಟ್ಟಾಗ ಅವರೇ ತೆಗೆದು ಅಂಗಿಗೆ ಉಜ್ಜಿ ಹಾಕಿಕೊಳ್ಳುವುದನ್ನು ಕಲಿತಿದ್ದರು. ನಾನು ಕಂಡಾಗಲೆಲ್ಲ ನೆನಪಿಸಿದೆ. ಎರಡನೆಯ ಸಲ, "ಆಯ್ತು ಆಯ್ತು," ಎಂದರು. ಮೂರನೆಯ ಸಲ, "ಹೆಂಡತಿ ಥರಾನೇ ಆಡ್ತೀಯಲ್ಲ," ಎಂದು ನಕ್ಕರು. ಆಮೇಲೆ ನಾನೂ ಬಿಟ್ಟೆ. ಹೇಳಿದ್ದನ್ನೇ ಹೇಳಿದರೆ ಕಿಸಬಾಯಿದಾಸ ಅನ್ನುತ್ತಾರಲ್ಲ ಎಂಬ ಸಂಕೋಚ. ಅವರ ಕೈಯಿಂದ ಫೋನು ಕಿತ್ತುಕೊಂಡಾದರೂ ಆವತ್ತೇ ಮಾಡಿಬಿಡಬೇಕಿತ್ತು.

ನಾಲ್ಕು ತಿಂಗಳಾಗಿರಬೇಕು. ಒಂದು ಸೋಮವಾರ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಗುರುತಿನ ಚೀಟಿ. ಅವರ ಹೆಂಡತಿಗೆ ಆ ದಿನ ಕಣ್ಣಿನ ಶಸ್ತ್ರಚಿಕಿತ್ಸೆ, ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ. ಡಾಕ್ಟರು ಫೋನು ಮಾಡಿದರೆ ಸಿಗಬೇಕು. ಫೋನೋ, ಹತ್ತು ನಿಮಿಷ ಬದುಕುವುದು, ಇಪ್ಪತ್ತು ನಿಮಿಷ ಸಾಯುವುದು.

"ಹೊಸ ಕಾರ್ಡೇ ಕೊಟ್ಟುಬಿಡು ತಂಗಿ. ಇದರ ಸಹವಾಸ ಸಾಕು."

ನಾನಿನ್ನೂ ಅಂಗಡಿಯ ಕಸ ಕೂಡ ಗುಡಿಸಿರಲಿಲ್ಲ. ಅಷ್ಟರಲ್ಲೇ ಇನ್ನಿಬ್ಬರು ಬಂದು ನಿಂತರು. ಒಬ್ಬ ರೀಚಾರ್ಜು ಮಾಡು ಮಾಡು ಎಂದು ಗಾಜು ಕುಟ್ಟುತ್ತಿದ್ದ. ನಾನು ಮೇಷ್ಟ್ರ ಚೀಟಿ ನೋಡಿ, ಫೋಟೋ ತೆಗೆದು, ಅರ್ಜಿ ತುಂಬುತ್ತಾ ಕೇಳಿದೆ.

"ನಂಬರುಗಳೆಲ್ಲ ಫೋನಲ್ಲಿ ಇವೆಯಲ್ವಾ ಮೇಷ್ಟ್ರೇ?"

"ಎಲ್ಲಾ ಫೋನಲ್ಲೇ ಇವೆಯಮ್ಮ."

ಅವರು ಸುಳ್ಳು ಹೇಳಲಿಲ್ಲ. ನಾನು ತಪ್ಪು ಕೇಳಿಸಿಕೊಳ್ಳಲೂ ಇಲ್ಲ. ಫೋನಿನ ಗುಂಡಿ ಒತ್ತಿದರೆ ಹೆಸರು ಕಾಣುತ್ತದೆ, ಆದ್ದರಿಂದ ಅವು ಫೋನಿನಲ್ಲೇ ಇವೆ. ಅವರ ಲೆಕ್ಕ ಅಷ್ಟೇ. ಈ ನಡುವೆ ಅವರೇ ಯಾರ ಕೈಯಲ್ಲೋ ನಕಲು ಮಾಡಿಸಿಕೊಂಡಿರಬೇಕು ಎಂದು ನಾನು ಅಂದುಕೊಂಡೆ. ಫೋನು ತೆಗೆದು ನೋಡಿದ್ದರೆ ಸಾಕಿತ್ತು. ಒಂದೊಂದು ಹೆಸರಿನ ಪಕ್ಕದಲ್ಲೂ ಪುಟ್ಟ ಕಾರ್ಡಿನ ಚಿತ್ರ ಇರುತ್ತದೆ, ಕಾರ್ಡಿನಲ್ಲಿ ಉಳಿಸಿದ್ದು ಎಂದು ಅರ್ಥ. ಆ ಚಿತ್ರ ನೋಡಲು ಎಷ್ಟು ಹೊತ್ತು ಬೇಕು? ಕಣ್ಣು ಮಿಟುಕಿಸುವಷ್ಟು. ನಾನು ನೋಡಲಿಲ್ಲ.

ಹೊಸ ಕಾರ್ಡು ಹಾಕಿ ರಬ್ಬರ್ ಬ್ಯಾಂಡು ಕಟ್ಟಿ ಕೊಟ್ಟೆ. "ಮಧ್ಯಾಹ್ನದೊಳಗೆ ಸಿಗ್ನಲ್ ಬರುತ್ತೆ. ಅಲ್ಲಿವರೆಗೆ ಡಾಕ್ಟರಿಗೆ ನನ್ನ ನಂಬರು ಕೊಡಿ, ಮೂರನೇ ಮಹಡಿಗೆ ಬಂದು ಹೇಳ್ತೀನಿ," ಎಂದೆ. ಅವರು ಕೈ ಮುಗಿದು ಹೊರಟರು. ಹಳೆಯ ಕಾರ್ಡು ಕೌಂಟರಿನ ಮೇಲೆ ಉಳಿದಿತ್ತು. ಬದಲಾಯಿಸಿದ ಕಾರ್ಡನ್ನು ಯಾರೂ ದುರುಪಯೋಗ ಮಾಡಬಾರದು, ಚಿನ್ನದ ತಗಡಿನ ಮೇಲೇ ಕತ್ತರಿ ಹಾಕಿ ಬಿಸಾಡು ಎಂದು ಅಣ್ಣ ಕಲಿಸಿದ್ದ. ಕೈ ತಾನಾಗಿ ಕತ್ತರಿಗೆ ಹೋಯಿತು. ಕಟ್ ಎಂದಿತು. ಎರಡು ತುಂಡು ಕಸದ ಡಬ್ಬಕ್ಕೆ ಬಿದ್ದವು. ಗಾಜು ಕುಟ್ಟುತ್ತಿದ್ದವನ ಕಡೆ ತಿರುಗಿದೆ.

ಮಧ್ಯಾಹ್ನ ಮೂರಕ್ಕೆ ಮೇಷ್ಟ್ರು ಬಂದರು. ಹೆಂಡತಿಯ ಕಣ್ಣು ಚೆನ್ನಾಗಿ ಆಗಿದೆಯಂತೆ, ಮುಖದಲ್ಲಿ ನಗು. "ಸಿಗ್ನಲ್ ಬಂತಮ್ಮ. ಹೆಸರುಗಳು ಎಲ್ಲೋ ಅಡಗಿ ಕೂತಿವೆ, ಹುಡುಕಿಕೊಡು," ಎಂದರು.

ನಾನು ಗುಂಡಿ ಒತ್ತಿದೆ. ಮೂರು ಹೆಸರು ಬಂತು. ಮೂರೂ ಫೋನು ತಯಾರಿಸಿದ ಕಂಪನಿಯೇ ಹಾಕಿಕೊಟ್ಟ ಸೇವಾ ಕೇಂದ್ರದ ನಂಬರುಗಳು. ಮತ್ತೆ ಒತ್ತಿದೆ. ಫೋನು ಆರಿಸಿ ಹಚ್ಚಿದೆ. ಅಷ್ಟರಲ್ಲಿ ಅವರಿಗೂ ಏನೋ ಅನ್ನಿಸಿರಬೇಕು, ನಗು ಇಳಿಯಿತು.

"ಹಳೇ ಕಾರ್ಡು ಕೊಡಮ್ಮ. ಅದನ್ನೇ ಹಾಕಿ ನೋಡೋಣ."

ಅವರು ಕೇಳಿದ್ದು ಸರಿಯಾಗಿತ್ತು. ಹಳೆಯ ಕಾರ್ಡಿನಿಂದ ಕರೆ ಮಾಡಲು ಬಾರದಿದ್ದರೂ ಒಳಗಿನ ಹೆಸರುಗಳು ಎಲ್ಲೂ ಹೋಗಿರುವುದಿಲ್ಲ. ಕಾರ್ಡು ಹತ್ತು ನಿಮಿಷ ಬದುಕಿದರೂ ಸಾಕಿತ್ತು, ನಕಲಿಗೆ ಬೇಕಾದದ್ದು ಐದೇ ನಿಮಿಷ. ಬೇಕಿದ್ದರೆ ಹತ್ತು ಸಲ ಉಜ್ಜಿ ಹತ್ತು ಸಲ ಪ್ರಯತ್ನಿಸಬಹುದಿತ್ತು. ನಾನು ಕಸದ ಡಬ್ಬವನ್ನು ನೆಲದ ಮೇಲೆ ಸುರಿದೆ. ಕವರಿನ ಚೂರು, ಟೀ ಲೋಟಗಳ ನಡುವೆ ಒಂದು ತುಂಡು ಸಿಕ್ಕಿತು, ಆಮೇಲೆ ಇನ್ನೊಂದು. ಮೇಷ್ಟ್ರು ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಅಚ್ಚು ತೆಗೆದವರ ಕಣ್ಣಲ್ಲವೇ, ಜೋಡಿಸಲು ಬರುತ್ತದೆಯೋ ಇಲ್ಲವೋ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯಿತು.

"ನಾನು... ದಿನಾ ಹೀಗೇ ಕತ್ತರಿಸ್ತೀನಿ ಮೇಷ್ಟ್ರೇ," ಎಂದೆ.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಸ್ಟೂಲಿನ ಮೇಲೆ ಕೂತು, "ನೀನು ಎಷ್ಟು ಸಲ ಹೇಳಿದ್ದೆ," ಎಂದರು. ತುಂಡುಗಳನ್ನು ಕೌಂಟರಿನ ಮೇಲಿಟ್ಟು ಅದನ್ನೇ ಮತ್ತೆ, ತಮಗೇ ಹೇಳಿಕೊಳ್ಳುವಂತೆ, "ಎಷ್ಟು ಸಲ ಹೇಳಿದ್ದೆ."

ಅಂದೇ ಅಂಗಡಿಗೆ ಬೀಗ ಹಾಕಿ ಆ ತುಂಡುಗಳನ್ನು ಹಿಡಿದು ಫೋನು ರಿಪೇರಿಯವನ ಹತ್ತಿರ ಓಡಿದೆ. ಅವನು ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ ತಲೆಯಾಡಿಸಿದ. "ಪ್ಲಾಸ್ಟಿಕ್ ಅಂಚು ಮಾತ್ರ ಹೋಗಿದ್ರೆ ಏನಾದ್ರೂ ಮಾಡಬಹುದಿತ್ತು ಅಕ್ಕಾ. ತಗಡಿನ ಕೆಳಗೆ ಸಾಸಿವೆ ಕಾಳಷ್ಟು ಚಿಪ್ಪು ಇರುತ್ತೆ. ನೀವು ಸರಿಯಾಗಿ ಅದರ ನಡುವೇ ಕತ್ತರಿಸಿದೀರಿ." ಮರುದಿನ ಕಂಪನಿಯ ಕಚೇರಿಗೆ ಮೇಷ್ಟ್ರನ್ನು ಕರೆದುಕೊಂಡು ಹೋದೆ. ಹೆಸರುಗಳು ನಮ್ಮ ಬಳಿ ಇರುವುದಿಲ್ಲ, ಕಾರ್ಡಿನಲ್ಲಿದ್ದದ್ದು ಕಾರ್ಡಿನಲ್ಲೇ ಎಂದರು. ಈಚಿನ ಆರು ತಿಂಗಳಲ್ಲಿ ಅವರು ಮಾಡಿದ ಕರೆಗಳ ಪಟ್ಟಿ ಮಾತ್ರ ಅರ್ಜಿ ಬರೆಸಿಕೊಂಡು ಕೊಟ್ಟರು. ಬರೀ ನಂಬರುಗಳು, ಯಾರದ್ದು ಎಂದು ಗೊತ್ತಿಲ್ಲ.

ಆಮೇಲಿನ ದಿನಗಳಲ್ಲಿ ಊಟವಾದ ಕೂಡಲೇ ಮೇಷ್ಟ್ರು ನನ್ನ ಸ್ಟೂಲಿಗೆ ಬರತೊಡಗಿದರು. ನಾನು ಪಟ್ಟಿಯಲ್ಲಿನ ಒಂದೊಂದು ನಂಬರು ಒತ್ತಿ ಕೊಡುವುದು, ಅವರು ಮಾತಾಡುವುದು. ಕೆಲವು ತರಕಾರಿಯವರವು, ಕೆಲವು ನೆಂಟರವು, ಉಳಿದವು ಕಾಲು ಕಟ್ಟಿಸಿಕೊಂಡವರವು. "ಹಲೋ" ಎಂಬ ಒಂದೇ ಮಾತಿಗೆ, "ಓ, ಎಡ ಬಡಗಿ!" ಎಂದು ಗುರುತು ಹಿಡಿಯುತ್ತಿದ್ದರು. ಹಿಡಿದ ತಕ್ಷಣ ನಾನು ಆ ನಂಬರನ್ನು ಮೂರು ಕಡೆ ಸೇರಿಸುತ್ತಿದ್ದೆ. ಅವರ ಫೋನಿನಲ್ಲಿ, ಒಂದು ನೋಟುಬುಕ್ಕಿನಲ್ಲಿ, ನನ್ನ ಸ್ಮಾರ್ಟ್‌ಫೋನಿನಲ್ಲಿ ಅವರ ಹೆಸರಿನಲ್ಲೇ ತೆರೆದ ಒಂದು ಖಾತೆಯಲ್ಲಿ. ಈ ಖಾತೆಯಲ್ಲಿದ್ದರೆ ಫೋನು ಹೋದರೂ ಕಾರ್ಡು ಹೋದರೂ ಇನ್ನೊಂದು ಫೋನಿನಲ್ಲಿ ಅದೇ ಗುಟ್ಟಿನ ಪದ ಕೊಟ್ಟರೆ ಎಲ್ಲ ವಾಪಸು ಬರುತ್ತದೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವರ ನಂಬರು ಬದಲಾಗಿರಲಿಲ್ಲವಲ್ಲ, ಹಾಗಾಗಿ ತಾವಾಗಿಯೇ ಫೋನು ಮಾಡಿದವರು ಕೆಲವರು ಸಿಕ್ಕರು. ದಾಖಲೆ ಪುಸ್ತಕ ತಿರುವಿ ಇನ್ನು ಕೆಲವರನ್ನು ಹಿಡಿದೆವು. ಅದರಲ್ಲಿ ಗುಬ್ಬಿಯ ತಾಯಿಯದ್ದೆಂದು ಬರೆದಿದ್ದ ನಂಬರು ಮೂರು ನಂಬರುಗಳ ಹಿಂದಿನದು. ಯಾರೋ ಲಾರಿ ಚಾಲಕ ಎತ್ತಿದ. ಮೇಷ್ಟ್ರು ಅವಳಿಗೆ ಕೊನೆಯ ಸಲ ಫೋನು ಮಾಡಿ ಹತ್ತು ತಿಂಗಳಾಗಿತ್ತು, ಕಂಪನಿಯವರು ಕೊಟ್ಟ ಪಟ್ಟಿ ಆರು ತಿಂಗಳಿಗೇ ನಿಂತಿತ್ತು. ಮುಂದೆ ಪ್ರತಿ ತಿಂಗಳೂ ಅವರು ಆ ಲಾರಿಯವನಿಗೇ ಫೋನು ಮಾಡುತ್ತಿದ್ದರು. "ಇಲ್ಲ ಯಜಮಾನ್ರೇ, ಯಾವ ಗುಬ್ಬೀನೂ ಬಂದಿಲ್ಲ," ಎಂದು ಅವನೂ ತಾಳ್ಮೆಯಿಂದ ಹೇಳುವಷ್ಟು ಪರಿಚಯವಾಗಿಬಿಟ್ಟ. ಅಪ್ಪ ಅಮ್ಮ ಕೊನೆಗೆ ಕೆಲಸ ಮಾಡಿದ್ದ ಕಟ್ಟಡಕ್ಕೂ ಒಂದು ಭಾನುವಾರ ಹೋಗಿ ಬಂದರು. ಕಟ್ಟಡ ಮುಗಿದು ಜನ ವಾಸಕ್ಕೆ ಬಂದಿದ್ದರು, ಕಟ್ಟಿದವರು ಎಲ್ಲಿಗೆ ಹೋದರೆಂದು ಕಾವಲುಗಾರನಿಗೂ ತಿಳಿಯದು.

"ಮಗಳಿಗೆ ನೋಯ್ತು ಅಂದ್ರೆ ಅಮ್ಮ ಬಂದೇ ಬರ್ತಾಳೆ ಬಿಡಿ ಮೇಷ್ಟ್ರೇ," ಎಂದು ನಾನು ಸಮಾಧಾನ ಹೇಳಿದೆ.

"ಬರೋದಿಲ್ಲಮ್ಮ. ನಾನೇ ಕರೀತೀನಿ ಅಂತ ಹೇಳಿದೀನಲ್ಲ. ಕಾಯ್ತಾಳೆ."

ಅವರು ಹೇಳಿದ್ದೇ ನಿಜವಾಯಿತು. ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಒಬ್ಬ ಹುಡುಗಿ ನಡೆದು ಬರುತ್ತಿದ್ದುದನ್ನು ನೋಡಿದೆ. ಒಂದು ಹೆಗಲು ಮೇಲೆ, ಒಂದು ಕೆಳಗೆ. ಪ್ರತಿ ಹೆಜ್ಜೆಗೂ ಸೊಂಟ ಬಲಕ್ಕೆ ಮುರಿದ ಹಾಗೆ ಇಳಿದು ಏಳುತ್ತಿತ್ತು. ಪಕ್ಕದಲ್ಲಿದ್ದ ತಾಯಿಯನ್ನು ಗುರುತಿಸಿದ ಮೇಲೇ ನನಗೆ ಹುಡುಗಿಯ ಗುರುತಾದದ್ದು. ಗುಬ್ಬಿ ಒಂದು ಗೇಣಿಗೂ ಹೆಚ್ಚು ಬೆಳೆದಿದ್ದಳು. ಕಾಲು ಮಾತ್ರ ಅದೇ, ಏಳರ ಹುಡುಗಿಯದು. ಪಾದದ ಕೆಳಗೆ ಅಪ್ಪ ಟೈರಿನ ತುಂಡುಗಳನ್ನು ಒಂದರ ಮೇಲೊಂದು ಮೊಳೆ ಹೊಡೆದು ಎತ್ತರ ಮಾಡಿದ್ದ. ಅದೂ ಸಾಲದೆ ಹೋದಾಗ ಇನ್ನಷ್ಟು ಸೇರಿಸುವುದನ್ನು ಕೈಬಿಟ್ಟಿದ್ದ.

ಅಂಗಡಿ ಬಿಟ್ಟು ನಾನೂ ಅವರ ಹಿಂದೆ ಹೋದೆ. ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ಕೂರಿಸಿ ಬೆಲ್ಟು ಬಿಚ್ಚಿದರು. ಬಟ್ಟಲು ಬಿಗಿಯಾಗಿ, ಒಳಗೆ ಹೋಗದ ಕಾಲನ್ನು ಬಟ್ಟೆ ಸುತ್ತಿ ಮೇಲೇ ಕೂರಿಸಿ ಕಟ್ಟಿದ್ದರು. ಚರ್ಮದಲ್ಲಿ ಎರಡು ಹುಣ್ಣು, ಒಂದು ಹಳೆಯದು, ಒಂದು ಹಸಿ. ಅವರು ಅವಳ ಬೆನ್ನ ಮೇಲೆ ಬೆರಳಿಟ್ಟು ಮೂಳೆಯ ಸಾಲನ್ನು ಕೆಳಗಿನವರೆಗೆ ತಡವಿದರು. ಬೆರಳು ನೇರ ಹೋಗಲಿಲ್ಲ.

ತಾಯಿ ಅಳುವ ದನಿಯಲ್ಲಿ ಹೇಳುತ್ತಿದ್ದಳು, "ನೀವು ಫೋನ್ ಮಾಡ್ತೀರಿ ಮಾಡ್ತೀರಿ ಅಂತ ಕಾದೆ ಅಪ್ಪಾ. ಯಾರು ಕರೆದ್ರೂ ಓಡಿ ಹೋಗಿ ಎತ್ತುತಿದ್ದೆ. ಆಮೇಲೆ ನೀವು ಹೋಗೇಬಿಟ್ರೇನೋ ಅಂದ್ಕೊಂಡ್ವಿ. ಇಲ್ಲಾ ಬಡವರಿಗೆ ಕಾಲು ಕೊಡೋದು ನಿಲ್ಲಿಸಿದ್ರೇನೋ ಅಂತ. ಈಗ ಹೆಜ್ಜೆ ಇಡೋದೇ ಕಷ್ಟ ಆಯ್ತು, ಏನಾದ್ರಾಗ್ಲಿ ನೋಡೇಬಿಡೋಣ ಅಂತ ಬಂದ್ವಿ."

ಗುಬ್ಬಿ ಮಾತ್ರ ಅಳಲಿಲ್ಲ. ಮೇಷ್ಟ್ರ ಮುಖವನ್ನೇ ನೋಡಿ ಕೇಳಿದಳು. "ಯಾಕೆ ಫೋನ್ ಮಾಡಲಿಲ್ಲ ಅಜ್ಜಾ?"

"ನಂಬರು ಕಳಕೊಂಡೆ ಪುಟ್ಟಾ. ನನ್ನ ತಪ್ಪು."

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ. ನಾನು ಮುಂದೆ ಬಂದು ಹೇಳಿದೆ, "ಅವರದ್ದಲ್ಲ. ಕಾರ್ಡು ಕತ್ತರಿಸಿದ್ದು ನಾನು." ತಾಯಿ ನನ್ನನ್ನೂ ಮೇಷ್ಟ್ರನ್ನೂ ನೋಡಿದಳು. ಯಾವ ಕಾರ್ಡು, ಯಾಕೆ ಕತ್ತರಿಸಿದ್ದು, ಅದಕ್ಕೂ ಮಗಳ ಬೆನ್ನಿಗೂ ಏನು ಸಂಬಂಧ ಎಂದು ಅವಳಿಗೆ ಅರ್ಥವಾಗಿರಲಾರದು. ಅರ್ಥವಾಗದಿದ್ದದ್ದಕ್ಕೆ ನನಗೆ ಒಂದು ಕ್ಷಣ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹುಣ್ಣು ಮಾಯುವವರೆಗೆ ಅಚ್ಚು ತೆಗೆಯುವಂತಿರಲಿಲ್ಲ. ಮೂರು ವಾರ ತಾಯಿ ಮಗಳು ನಮ್ಮ ಮನೆಯಲ್ಲೇ ಇದ್ದರು. ಮೇಷ್ಟ್ರು ಹೊಸ ಕಾಲು ಮಾಡಿದರು, ಅಷ್ಟು ನಿಧಾನವಾಗಿ ಅವರು ಯಾವ ಕಾಲನ್ನೂ ಮಾಡಿದ್ದನ್ನು ನಾನು ಕಂಡಿಲ್ಲ. ಅಷ್ಟೂ ಎತ್ತರವನ್ನು ಒಮ್ಮೆಲೇ ಕೊಡುವಂತಿಲ್ಲವಂತೆ, ಬಾಗಿದ ಮೈ ಒಪ್ಪುವುದಿಲ್ಲ. ಸ್ವಲ್ಪ ಸ್ವಲ್ಪವೇ ಕೊಳವೆಯ ಉದ್ದ ಹೆಚ್ಚಿಸುತ್ತಾ ಹೋದರು. ಮೂಳೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟು, "ಬೆಳೆಯೋ ವಯಸ್ಸು, ಸುಮಾರು ಸರಿಹೋಗುತ್ತೆ. ಪೂರ್ತಿ ಅಂತ ಹೇಳಲಾರೆ," ಎಂದರು. ಪೂರ್ತಿ ಆಗಲಿಲ್ಲ. ಈಗ ಗುಬ್ಬಿಗೆ ಹದಿನಾಲ್ಕು. ನೇರ ನಿಂತಾಗ ಗೊತ್ತಾಗುವುದಿಲ್ಲ, ಓಡಿದರೆ ಗೊತ್ತಾಗುತ್ತದೆ. ಅವಳು ಓಡುವುದೂ ಕಡಿಮೆ.

ಮೇಷ್ಟ್ರು ನಿವೃತ್ತರಾಗುವ ಹೊತ್ತಿಗೆ ಖಾತೆಯಲ್ಲಿ ನೂರ ಮೂವತ್ತೊಂದು ಹೆಸರುಗಳಿದ್ದವು. ಅವರ ಜಾಗಕ್ಕೆ ಬಂದ ಹುಡುಗಿಗೆ ಆ ಖಾತೆಯನ್ನೂ ನೋಟುಬುಕ್ಕನ್ನೂ ಒಪ್ಪಿಸಿದೆವು. ಅವಳು ಚುರುಕು, ಉದ್ದುದ್ದ ಹೆಸರು, ವಿಳಾಸ, ಕಾಲಿನ ಅಳತೆ, ಫೋಟೋ ಎಲ್ಲವನ್ನೂ ಸೇರಿಸಿದ್ದಾಳೆ. ನನ್ನ ಅಂಗಡಿಯಲ್ಲೂ ಒಂದು ಪದ್ಧತಿ ಬಂದಿದೆ. ಯಾರೇ ಕಾರ್ಡು ಬದಲಾಯಿಸಲು ಬಂದರೂ ಮೊದಲು ಫೋನು ನನ್ನ ಕೈಗೆ ಬರಬೇಕು. ಹೆಸರುಗಳನ್ನು ಫೋನಿಗೋ ಖಾತೆಗೋ ನಕಲು ಮಾಡಿ, ಕಾರ್ಡು ಹೊರಗೆ ತೆಗೆದ ಮೇಲೂ ಅವು ಕಾಣುತ್ತವೆಯೇ ಎಂದು ಅವರಿಗೇ ತೋರಿಸಿ, ಹಳೆಯದನ್ನು ಇಡಿಯಾಗಿ ಅವರ ಕೈಗೇ ಕೊಡುತ್ತೇನೆ. ಅವಸರ ಮಾಡುವವರು ಬೈಯುತ್ತಾರೆ. ಬೈಯಲಿ.

ಮೇಷ್ಟ್ರು ಈಗ ಮನೆಯಲ್ಲಿದ್ದಾರೆ. ಕಳೆದ ತಿಂಗಳು ನೋಡಲು ಹೋಗಿದ್ದೆ. ಕಾಫಿ ಕುಡಿಯುತ್ತಾ ಅದೂ ಇದೂ ಮಾತಾಡಿದರು. ಇದ್ದಕ್ಕಿದ್ದಂತೆ, "ಸಿಗದೇ ಹೋದ ಆ ನೂರಾ ಹತ್ತೊಂಬತ್ತು ಜನ," ಎಂದರು. ಅವರ ಹೆಂಡತಿ ಮೆಲ್ಲನೆ ಮಾತು ಬೇರೆ ಕಡೆ ತಿರುಗಿಸಿದರು.

ಬರುವಾಗ ಬಸ್ ನಿಲ್ದಾಣದಲ್ಲಿ ಒಬ್ಬ ಗಂಡಸು ಊರುಗೋಲು ಹಿಡಿದು ನಿಂತಿದ್ದ. ಪ್ಯಾಂಟಿನ ಎಡಗಾಲನ್ನು ಮಡಚಿ ಪಿನ್ನು ಹಾಕಿದ್ದ. ನಾನು ಹತ್ತಿರ ಹೋಗಿ, "ಅಣ್ಣಾ, ನೀವು ಯಾವಾಗಲಾದರೂ ಕಾಲು ಕಟ್ಟಿಸಿಕೊಂಡಿದ್ರಾ? ಯಾರು ಮಾಡಿಕೊಟ್ಟಿದ್ರು?" ಎಂದು ಕೇಳಿಬಿಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನಿಮಗ್ಯಾಕಮ್ಮ ಅದೆಲ್ಲ?" ಎಂದ. ಅಷ್ಟರಲ್ಲಿ ಅವನ ಬಸ್ಸು ಬಂತು. ಊರುಗೋಲನ್ನು ಮೊದಲು ಒಳಗೆ ತಳ್ಳಿ, ಕಂಬಿ ಹಿಡಿದು, ಒಂದೇ ಕಾಲಿನಲ್ಲಿ ಮೇಲಕ್ಕೆ ಜಿಗಿದ.